ಫ್ರೀಜರ್‌ನ ಕಟ್ಲೆಟ್‌ಗೆ ಏರ್ ಫ್ರೈಯರೋ, ಓವನ್ನೋ, ಬಾಣಲೆಯೋ?

ಫ್ರೀಜರ್‌ನ ಕಟ್ಲೆಟ್ ಬೇಯಿಸಿದಾಗ ಮೆತ್ತಗಾಗಲು ಮುಖ್ಯ ಕಾರಣ ಇದು: ಕರಗಿದ ಮಂಜಿನ ನೀರು ಆವಿಯಾಗುವ ಮೊದಲೇ ಹೊರಕವಚಕ್ಕೆ ಇಳಿಯುತ್ತದೆ. ಆದ್ದರಿಂದ ಯಾವ ವಿಧಾನವಾದರೂ ಕರಗಿಸದೆ, ಮಂಜಿನ ಪುಡಿ ಕೊಡವಿ, ಕಾದ ಪಾತ್ರೆಗೇ ಹಾಕಬೇಕು.

ಇಬ್ಬರಿಗೆ ನಾಲ್ಕು ಕಟ್ಲೆಟ್ ಸಾಕೆಂದರೆ ನಾನು ಏರ್ ಫ್ರೈಯರ್ ಆರಿಸುತ್ತೇನೆ. 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 12 ನಿಮಿಷ, ನಡುವೆ ಒಮ್ಮೆ ಮಗುಚಿದರೆ ಗರಿಗರಿ. ಒಂದರ ಮೇಲೊಂದು ಪೇರಿಸಿದರೆ ಮಾತ್ರ ತಮ್ಮದೇ ಹಬೆಯಲ್ಲಿ ನೆನೆಯುತ್ತವೆ. ನಗೆಟ್‌ಗೂ ಇದೇ ಮಾತು. ಕೋಳಿಯದು ಹಸಿಯಾಗಿದ್ದರೆ ಒಳಭಾಗ 74 ಡಿಗ್ರಿ ಮುಟ್ಟಲೇಬೇಕು.

ಮನೆ ತುಂಬ ನೆಂಟರಿದ್ದರೆ ಓವನ್. ತಟ್ಟೆಯನ್ನು 220 ಡಿಗ್ರಿಯಲ್ಲಿ ಮೊದಲೇ ಕಾಯಿಸಿಡಿ; ಸಮಯ ಹೆಚ್ಚು ಹಿಡಿದರೂ ಎಲ್ಲವೂ ಒಟ್ಟಿಗೆ ಬೇಯುತ್ತವೆ.

ಫ್ರೀಜರ್‌ನ ಬಟಾಣಿ, ಬೀನ್ಸ್, ಕ್ಯಾರೆಟ್‌ಗೆ ಹೊಸ ಯಂತ್ರ ಕೊಳ್ಳಬೇಕಿಲ್ಲ, ಅಗಲ ಬಾಣಲೆಯೇ ಮೇಲು. ಜೋರು ಉರಿ, ಒಂದು ಚಮಚ ಎಣ್ಣೆ, ಮುಚ್ಚಳ ಬೇಡ. ಚಟಪಟ ಸದ್ದು ನಿಂತು ನೀರು ಜಿನುಗಿದರೆ ತರಕಾರಿ ಹೆಚ್ಚಾಯಿತೆಂದು ಅರ್ಥ, ಅರ್ಧ ತೆಗೆದಿಡಿ. ಉಪ್ಪು ಕೊನೆಗೆ. ಕಟ್ಲೆಟ್ ಮಾತ್ರ ಬಾಣಲೆಯಲ್ಲಿ ಸಣ್ಣ ಉರಿ ಕೇಳುತ್ತದೆ, ಇಲ್ಲವಾದರೆ ಹೊರಗೆ ಕರಕಲು, ಒಳಗೆ ಹಿಮ.