ಕಾರ್ಖಾನೆಗೆ ಬೀಗ ಹಾಕುವ ಮುನ್ನ ವಿಮೆ ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ

ದೊಡ್ಡಬಳ್ಳಾಪುರದಲ್ಲಿ ನಮ್ಮ ಭಾವನವರ ವಿದ್ಯುತ್ ಮಗ್ಗಗಳ ಶೆಡ್ ಇದೆ. ಸೀರೆಗೆ ಬೇಡಿಕೆ ಕುಸಿದಾಗ ಕೆಲವು ತಿಂಗಳು ಮಗ್ಗ ನಿಲ್ಲಿಸುವುದೆಂದು ತೀರ್ಮಾನಿಸಿ, ವಿಮೆ ಏಜೆಂಟರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. "ಪ್ರೀಮಿಯಂ ಕಟ್ಟಿದ್ದೀರಲ್ಲ ಸಾರ್, ಚಿಂತೆ ಬೇಡ. ಕಚೇರಿಗೆ ನಾನು ಹೇಳುತ್ತೇನೆ" ಎಂದರು ಅವರು. ಎರಡನೆಯ ತಿಂಗಳು ದಾಟಿದ ಮೇಲೆ ಒಂದು ರಾತ್ರಿ ಶೆಡ್ಡಿಗೆ ಬೆಂಕಿ ಬಿತ್ತು. ಮಗ್ಗಗಳೂ ಉಳಿದಿದ್ದ ನೂಲೂ ಸುಟ್ಟುಹೋದವು.

ನಷ್ಟ ಅಂದಾಜು ಮಾಡಲು ಬಂದ ವಿಮೆ ಸರ್ವೇಯರ್ ಸುಟ್ಟ ಮಗ್ಗಗಳಿಗಿಂತ ಮೊದಲು ಕೇಳಿದ್ದು ವಿದ್ಯುತ್ ಬಿಲ್ಲನ್ನು ಮತ್ತು ಹಾಜರಿ ಪುಸ್ತಕವನ್ನು. ಬಿಲ್ಲಿನಲ್ಲಿ ಬಳಕೆ ಹೆಚ್ಚುಕಡಿಮೆ ಸೊನ್ನೆ, ಹಾಜರಿಯ ಪುಟಗಳು ಖಾಲಿ. ಕೊನೆಗೆ ಪರಿಹಾರ ನಿರಾಕರಿಸಿ ಪತ್ರ ಬಂತು. ಬ್ಯಾಂಕಿನ ಸಾಲದ ಕಂತು ಮಾತ್ರ ನಿಂತಿಲ್ಲ.

ಪತ್ರ ಆಧರಿಸಿದ್ದ ಷರತ್ತು 'ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್' ಎಂಬ ಬೆಂಕಿ ವಿಮೆ ಪಾಲಿಸಿಯಲ್ಲಿ ಅಚ್ಚಾಗಿಯೇ ಇದೆ. ಕಟ್ಟಡ 30 ದಿನಕ್ಕಿಂತ ಹೆಚ್ಚು ಕಾಲ ಯಾರೂ ಬಳಸದೆ ಖಾಲಿ ಬಿದ್ದರೆ ಆ ಆಸ್ತಿಯ ಮಟ್ಟಿಗೆ ವಿಮೆ ನಿಂತುಹೋಗುತ್ತದೆ. ನಷ್ಟ ಆಗುವ ಮೊದಲೇ ಕಂಪನಿ ಒಪ್ಪಿ, ಆ ಒಪ್ಪಿಗೆಯನ್ನು ಪಾಲಿಸಿಯ ಮೇಲೆ ಎಂಡಾರ್ಸ್‌ಮೆಂಟ್ ಎಂಬ ಲಿಖಿತ ಟಿಪ್ಪಣಿಯಾಗಿ ದಾಖಲಿಸಿದ್ದರೆ ಮಾತ್ರ ರಕ್ಷಣೆ ಮುಂದುವರಿಯುತ್ತದೆ. ಅಂದರೆ ನಾವು ತಿಳಿಸಿದರಷ್ಟೇ ಸಾಲದು, ಕಂಪನಿಯ ಉತ್ತರ ಕೈಗೆ ಬರಬೇಕು. ಏಜೆಂಟರ ಬಾಯಿಮಾತನ್ನಂತೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಮಿಂಚಂಚೆ ಕಳುಹಿಸುವಂತೆ ಅವರು ಅಂದೇ ಹೇಳಬಹುದಿತ್ತು ಎಂಬ ಸಿಟ್ಟು ನನಗೆ ಇನ್ನೂ ಆರಿಲ್ಲ.

ಆದ್ದರಿಂದ ಪಾಲಿಸಿ ಕೊಟ್ಟ ಕಚೇರಿಗೇ ನೇರವಾಗಿ ಬರೆಯಿರಿ. ಪಾಲಿಸಿ ಸಂಖ್ಯೆ, ಯಾವ ದಿನದಿಂದ ಮುಚ್ಚುತ್ತೀರಿ, ಮತ್ತೆ ಯಾವಾಗ ತೆರೆಯುವ ಅಂದಾಜು, ಒಳಗೆ ಯಾವ ಯಂತ್ರ, ಎಷ್ಟು ಸರಕು ಇರುತ್ತದೆ ಎಂಬುದೆಲ್ಲ ಪತ್ರದಲ್ಲಿರಲಿ. ಮೇನ್ ಸ್ವಿಚ್ ಆಫ್ ಮಾಡಿದ್ದರೆ, ಡೀಸೆಲ್ ಹೊರಗೆ ಸಾಗಿಸಿದ್ದರೆ, ರಾತ್ರಿ ಕಾವಲುಗಾರ ಇದ್ದರೆ ಅದನ್ನೂ ಬರೆಯಿರಿ. ಕಂಪನಿ ಒಪ್ಪುವುದೋ ಬಿಡುವುದೋ, ಯಾವ ಷರತ್ತು ಹಾಕುವುದೋ ಇದನ್ನು ನೋಡಿಯೇ ನಿರ್ಧರಿಸುತ್ತದೆ. ಕಾವಲುಗಾರ ಗೇಟಿನಲ್ಲಿ ಇದ್ದಾನೆ, ಹಾಗಾಗಿ ಕಟ್ಟಡ ಖಾಲಿಯಲ್ಲ ಎಂಬ ವಾದವನ್ನು ನಂಬಿ ಕೂರಬೇಡಿ. ಭಾವನವರ ಆ ವಾದ ನಿಲ್ಲಲಿಲ್ಲ. ಪತ್ರದ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಸಾಲವಿದ್ದರೆ ಬ್ಯಾಂಕಿಗೂ ಒಂದು ಪ್ರತಿ ಕೊಡಿ.

ಕಳ್ಳತನದ ವಿಮೆ ಬೇರೆ ಪಾಲಿಸಿಯಾಗಿದ್ದರೆ ಅದರ ಷರತ್ತನ್ನು ಪ್ರತ್ಯೇಕವಾಗಿ ಓದಿ. ಅಲ್ಲಿ ಗಡುವು 30 ದಿನಕ್ಕಿಂತ ಬಹಳ ಕಡಿಮೆ ಇರಬಹುದು. ಬೀಗ ಹಾಕಿದ ಅವಧಿಯಲ್ಲೇ ಪಾಲಿಸಿ ನವೀಕರಣಕ್ಕೆ ಬಂದರೆ, ಹಳೆಯ ಎಂಡಾರ್ಸ್‌ಮೆಂಟ್ ಹೊಸ ಪಾಲಿಸಿಗೂ ನಡೆಯುತ್ತದೆ ಎಂದುಕೊಳ್ಳದೆ ಕಾರ್ಖಾನೆ ಮುಚ್ಚಿದೆ ಎಂದು ಮತ್ತೆ ಬರೆದುಕೊಟ್ಟು ಹೊಸದನ್ನು ಕೇಳಿ ಪಡೆಯಿರಿ.