ಯಂತ್ರಕ್ಕೆ ಸಂವೇದಕವೋ, ಬಿಡಿಭಾಗದ ತಟ್ಟೆಗೆ ಚೀಟಿಯೋ?

ಕಾಗದದಲ್ಲೇ ಲೆಕ್ಕ ಇಡುವ ಸಣ್ಣ ಕಾರ್ಖಾನೆಗೆ ಯಾವ ಡಿಜಿಟಲ್ ಸೇವೆ ಕೊಡಬೇಕು ಎಂದು ಯೋಚಿಸುವವರು ಮೊದಲು ಒಂದು ಪಾಳಿ ಪೂರ್ತಿ ಲೇತ್‌ಗಳ ನಡುವೆ ನಿಂತು ಕಿವಿಗೊಡಬೇಕು. ನನಗೆ ಹಾಗೆ ಹೊಳೆದ ಸೇವೆಗಳು ಎರಡು.

ಮೊದಲನೆಯದು, ಯಂತ್ರದ ವಿದ್ಯುತ್ ತಂತಿಗೆ ಸಂವೇದಕ ಹಾಕಿ ನಿಂತ ಸಮಯ ದಾಖಲಿಸುವುದು. ಅಳವಡಿಕೆ ಸುಲಭ. ಆದರೆ ಯಂತ್ರ ಏಕೆ ನಿಂತಿತು ಎಂದು ಅದು ಹೇಳುವುದಿಲ್ಲ. ಲೋಹ ಕತ್ತರಿಸದೆ ಸುಮ್ಮನೆ ತಿರುಗುವ ಯಂತ್ರವೂ ವಿದ್ಯುತ್ ಎಳೆಯುವುದರಿಂದ, ಎಷ್ಟು ವಿದ್ಯುತ್ತಿಗಿಂತ ಕಡಿಮೆಯಾದರೆ ಕೆಲಸ ನಿಂತಂತೆ ಎಂಬ ಮಿತಿಯನ್ನು ಪ್ರತಿ ಯಂತ್ರಕ್ಕೂ ಬೇರೆಯಾಗಿ ಹೊಂದಿಸಬೇಕು.

ಎರಡನೆಯದು, ಪ್ರತಿ ತಟ್ಟೆಗೆ ಕ್ಯೂಆರ್ ಚೀಟಿ. ಹಂತ ಮುಗಿದಾಗಲೆಲ್ಲ ಕೆಲಸಗಾರ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುತ್ತಾನೆ; ತಟ್ಟೆ ಎಲ್ಲಿದೆ ಎಂದು ತಿಳಿಯುತ್ತದೆ. ಇದು ಕೆಡುವುದು ಒಂದೇ ತಟ್ಟೆಯ ಬಿಡಿಭಾಗಗಳ ಗುಂಪು ಒಡೆದಾಗ: 200 ಬಿಡಿಭಾಗಗಳಲ್ಲಿ 40 ಮೊದಲೇ ಲೇಪನಕ್ಕೆ ಹೋದರೆ ಚೀಟಿ ಒಂದು, ಜಾಗ ಎರಡು. ಗುಂಪು ಒಡೆದ ಕ್ಷಣವೇ ಹೊಸ ಚೀಟಿ ಮುದ್ರಿಸುವ ವ್ಯವಸ್ಥೆ ಬೇಕೇಬೇಕು.

ಆಯ್ಕೆಗೆ ಗಡಿಯಾರ, ನೋಟ್‌ಬುಕ್ ಸಾಕು. ಯಂತ್ರ 50 ನಿಮಿಷ ನಿಂತಿತು ಎನ್ನೋಣ. ಅದರಲ್ಲಿ 35 ನಿಮಿಷ ಕೆಲಸಗಾರ ಮುಂದಿನ ತಟ್ಟೆ ಹುಡುಕುತ್ತಿದ್ದರೆ, ನಾನು ಖಂಡಿತ ಚೀಟಿಯನ್ನೇ ಆರಿಸುತ್ತೇನೆ. ಉಪಕರಣ ಮುರಿದು, ಬೆಲ್ಟ್ ಜಾರಿ ನಿಂತಿದ್ದರೆ ಸಂವೇದಕ. ಮಾಲೀಕರ ಮಾತಿಗಿಂತ ಈ ಎಣಿಕೆಯನ್ನು ನಂಬಿ; ಅವರು ಹೆಚ್ಚಾಗಿ ಕಚೇರಿಯಲ್ಲಿ ಇರುತ್ತಾರೆ.