ಬಿಟ್‌ವಾರ್ಡನ್: ಅಂಗಡಿಯ ಇಮೇಲ್ ಬದಲಿಸುವ ಮುಂಚೆ ಖಾತೆಗಳ ಪಟ್ಟಿ ಮಾಡಲು ಎಷ್ಟು ಉಪಯೋಗ?

ಪಾಸ್‌ವರ್ಡ್ ಇಟ್ಟುಕೊಳ್ಳಲು ಬಿಟ್‌ವಾರ್ಡನ್‌ನ ಉಚಿತ ಖಾತೆಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ದಿನನಿತ್ಯದ ಲಾಗಿನ್ ಕೆಲಸಕ್ಕೆ ತಕರಾರಿಲ್ಲ. ಎಷ್ಟು ಪಾಸ್‌ವರ್ಡ್ ಇಟ್ಟರೂ, ಎಷ್ಟು ಫೋನಲ್ಲಿ ತೆರೆದರೂ ದುಡ್ಡು ಕೇಳುವುದಿಲ್ಲ. ಅದು ಎಲ್ಲಿಯವರೆಗೆ ಕೈಹಿಡಿಯುತ್ತೆ, ಎಲ್ಲಿ ಕೈಬಿಡುತ್ತೆ ಅಂತ ಸರಿಯಾಗಿ ಗೊತ್ತಾಗಿದ್ದು ಮಾತ್ರ ನಾನು ಲೆಕ್ಕ ಬರೆಯುವ ಪಾತ್ರೆ ಅಂಗಡಿಯ ಇಮೇಲ್ ಬದಲಿಸಬೇಕಾಗಿ ಬಂದಾಗ.

ಅಣ್ಣತಮ್ಮಂದಿರ ಅಂಗಡಿ, ಭಾಗ ಆಯಿತು. ಅಂಗಡಿ ಅಣ್ಣನ ಪಾಲಿಗೆ ಬಂತು. ಆದರೆ ಎಲ್ಲಾ ವ್ಯವಹಾರ ಇದ್ದದ್ದು ಒಂದೇ ಜಿಮೇಲ್‌ನಲ್ಲಿ, ಅದು ತಮ್ಮನ ಫೋನಲ್ಲೂ ತೆರೆದೇ ಇತ್ತು. "ಹೊಸ ಇಮೇಲ್ ಮಾಡಿಕೊಡು, ಹಳೇದನ್ನ ತೆಗೆದುಹಾಕು" ಅಂದರು ಯಜಮಾನರು. "ತೆಗೆಯೋದು ಆಮೇಲೆ ಅಣ್ಣ, ಮೊದಲು ಅದಕ್ಕೆ ಏನೇನು ಕಟ್ಟಿಕೊಂಡಿದೆ ನೋಡೋಣ" ಅಂದೆ. "ಏನಿರುತ್ತೆ, ಜಿಎಸ್‌ಟಿ ಒಂದು, ಬ್ಯಾಂಕ್ ಒಂದು" ಅನ್ನುವುದು ಅವರ ಲೆಕ್ಕ.

ಕೌಂಟರ್ ಕಂಪ್ಯೂಟರಿನ ಕ್ರೋಮ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಫೈಲಾಗಿ ಇಳಿಸಿ, ಅವರ ಹೆಸರಿನಲ್ಲಿ ತೆರೆದ ಬಿಟ್‌ವಾರ್ಡನ್ ಖಾತೆಗೆ ಹಾಕಿದೆ. ಈ ಆಮದು ಕೆಲಸ ಸಲೀಸು. ಎರಡು ಎಚ್ಚರಿಕೆ ಬೇಕು. ಆ ಫೈಲಿನಲ್ಲಿ ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವ ಹಾಗೆ ಇರುತ್ತವೆ, ಹಾಗಾಗಿ ಕೆಲಸ ಮುಗಿದ ಕೂಡಲೇ ಡೌನ್‌ಲೋಡ್‌ನಿಂದಲೂ ರಿಸೈಕಲ್ ಬಿನ್‌ನಿಂದಲೂ ಅಳಿಸಬೇಕು. ಇನ್ನೊಂದು, ಅದೇ ಫೈಲನ್ನು ಎರಡು ಸಲ ಹಾಕಿದರೆ ಎಲ್ಲವೂ ಎರಡೆರಡಾಗುತ್ತದೆ. ಬಿಟ್‌ವಾರ್ಡನ್ ತಾನಾಗಿ ಒಂದುಗೂಡಿಸುವುದಿಲ್ಲ.

ಇನ್ನು ಹುಡುಕುವ ಜಾಗದಲ್ಲಿ ಇಮೇಲ್ ಹೊಡೆದರೆ ಸಾಕು, ಆ ಇಮೇಲ್ ಬಳಕೆದಾರ ಹೆಸರಾಗಿರುವ ಖಾತೆಗಳೆಲ್ಲ ಎದುರಿಗೆ ಬರುತ್ತವೆ. ಇಲ್ಲೊಂದು ಸಣ್ಣ ಗುಟ್ಟಿದೆ. ಜಿಮೇಲ್ ತನ್ನ ವಿಳಾಸದಲ್ಲಿರುವ ಚುಕ್ಕಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. abc.stores ಅಂತ ಬರೆದರೂ abcstores ಅಂತ ಬರೆದರೂ ಪತ್ರ ಬರುವುದು ಒಂದೇ ಡಬ್ಬಕ್ಕೆ. ಆದರೆ ಬೇರೆ ವೆಬ್‌ಸೈಟ್‌ಗಳಿಗೆ ಸಾಮಾನ್ಯವಾಗಿ ಅವು ಎರಡು ಬೇರೆ ಬೇರೆ ಇಮೇಲ್, ಬಿಟ್‌ವಾರ್ಡನ್ ಹುಡುಕಾಟಕ್ಕೂ ಅಷ್ಟೇ. ಯಜಮಾನರು ಒಂದೊಂದು ಕಡೆ ಒಂದೊಂದು ಥರ ಬರೆದಿದ್ದರು. ಪೂರ್ತಿ ವಿಳಾಸ ಹೊಡೆದಾಗ ಅರ್ಧ ಮಾತ್ರ ಬಂತು. ಚುಕ್ಕಿ ಇಲ್ಲದ ತುಂಡು, ಅಂದರೆ stores ಅನ್ನುವುದನ್ನಷ್ಟೇ ಹೊಡೆದಾಗ ಉಳಿದವೂ ಬಂದವು.

ಇಷ್ಟಕ್ಕೆ ನಿಂತರೆ ಪಟ್ಟಿ ಅರೆಬರೆ. ಬಿಟ್‌ವಾರ್ಡನ್‌ಗೆ ಗೊತ್ತಿರುವುದು ಉಳಿಸಿದ ಪಾಸ್‌ವರ್ಡ್ ಮಾತ್ರ. ಗೂಗಲ್ ಗುಂಡಿ ಒತ್ತಿ ಒಳಗೆ ಹೋದ ಖಾತೆಗಳಿಗೆ ಪಾಸ್‌ವರ್ಡೇ ಇರುವುದಿಲ್ಲ, ಹಾಗಾಗಿ ಅವು ಇಲ್ಲಿ ಕಾಣುವುದೂ ಇಲ್ಲ. ಅವು ಸಿಗುವುದು ಹಳೆಯ ಜಿಮೇಲ್‌ನಿಂದ ಲಾಗಿನ್ ಆಗಿ ಈ ಪುಟ ತೆರೆದರೆ:

```
myaccount.google.com/connections
```

ನನ್ನ ಪ್ರಕಾರ ಹೆಚ್ಚು ಅಪಾಯ ಇರುವುದು ಇವಕ್ಕೇ. ಹಳೆಯ ಜಿಮೇಲ್ ಹೋದರೆ ಒಳಗೆ ಹೋಗುವ ಬಾಗಿಲೇ ಹೋಯಿತು. ಒಂದೊಂದರ ಒಳಗೂ ಹೋಗಿ ಅಲ್ಲೇ ಹೊಸ ಇಮೇಲ್ ಕೊಡಬೇಕು, ಇಲ್ಲವೇ ಬೇರೆ ಪಾಸ್‌ವರ್ಡ್ ಮಾಡಿಕೊಳ್ಳಬೇಕು.

ಆಮೇಲೆ ಇನ್‌ಬಾಕ್ಸ್. ಜಿಮೇಲ್‌ನ ಮಾಮೂಲಿ ಹುಡುಕಾಟ ಸ್ಪ್ಯಾಮ್ ಮತ್ತು ಕಸದ ಬುಟ್ಟಿಯನ್ನು ನೋಡುವುದಿಲ್ಲ. ಅದಕ್ಕೇ in:anywhere ಅಂತ ಸೇರಿಸಿ ಹೀಗೆ ಹುಡುಕಬೇಕು:

```
in:anywhere subject:(welcome OR verify OR registration)
in:anywhere subject:(renewal OR expiry OR invoice) newer_than:2y
```

ಮೊದಲನೆಯದು ಖಾತೆ ತೆರೆದಾಗ ಬಂದ ಪತ್ರಗಳಿಗೆ. ಎರಡನೆಯದು ವರ್ಷಕ್ಕೊಮ್ಮೆ ತಲೆ ತೋರಿಸುವವುಗಳಿಗೆ. ಅಂಗಡಿಯ ವೆಬ್‌ಸೈಟ್ ಹೆಸರಿನ ನವೀಕರಣ ಪತ್ರ ಸಿಕ್ಕಿದ್ದು ಇಲ್ಲೇ, ಅದೂ ಸ್ಪ್ಯಾಮ್‌ನಲ್ಲಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಊರು ಬಿಟ್ಟಿದ್ದಾನೆ. ಆ ಖಾತೆ ಇದೆ ಅನ್ನುವುದೇ ಯಜಮಾನರಿಗೆ ಮರೆತುಹೋಗಿತ್ತು.

ಪೂರ್ತಿ ಅಳಿಸಿದ ಪತ್ರ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಬುಟ್ಟಿಯಲ್ಲಿದ್ದದ್ದು 30 ದಿನಕ್ಕೆ ಹೋಗಿಬಿಡುತ್ತದೆ. ಅದಕ್ಕಾಗಿ ಅಂಗಡಿಯಲ್ಲೇ ಒಂದು ಸುತ್ತು ಹಾಕಿದೆವು. ಕರೆಂಟಿಗೆ ಸಿಕ್ಕಿಸಿದ ಪೆಟ್ಟಿಗೆ, ಗೋಡೆಗೆ ಅಂಟಿಸಿದ ಕ್ಯೂಆರ್, ಫೋನಿನ ಒಂದೊಂದು ಆ್ಯಪ್, ಎಲ್ಲವನ್ನೂ ಮುಟ್ಟಿ "ಇದಕ್ಕೆ ಯಾವ ಇಮೇಲ್?" ಅಂತ ಕೇಳುವುದು. ಹೊಳೆಯದಿದ್ದರೆ ಆ ಆ್ಯಪ್‌ನ ಪ್ರೊಫೈಲ್ ಪುಟ ತೆರೆದು ನೋಡುವುದು. ಸಿಸಿಟಿವಿ ಆ್ಯಪ್ ಹೀಗೇ ಸಿಕ್ಕಿತು. ವಾಟ್ಸಾಪ್‌ನ ಎರಡು ಹಂತದ ಪಿನ್‌ಗೆ ಕೊಟ್ಟಿದ್ದ ಇಮೇಲೂ ಸಿಕ್ಕಿತು. ಅದು ಪಿನ್ ಮರೆತ ದಿನ ಮಾತ್ರ ಬೇಕಾಗುವಂಥದ್ದು.

"ಟ್ಯಾಲಿಗೂ ಇಮೇಲ್ ಇರುತ್ತಾ?" ಅಂತ ಯಜಮಾನರಿಗೆ ಆಶ್ಚರ್ಯ. ಇರುತ್ತೆ. ಟ್ಯಾಲಿ ಲೈಸೆನ್ಸ್‌ನ ಅಡ್ಮಿನ್ ಅಂದರೆ ಒಂದು ಇಮೇಲ್. ಕಂಪ್ಯೂಟರ್ ಕೆಟ್ಟು ಹೊಸದರಲ್ಲಿ ಟ್ಯಾಲಿ ಹಾಕುವಾಗ ಅನ್‌ಲಾಕ್ ಕೀ ಬರುವುದು ಆ ವಿಳಾಸಕ್ಕೆ. ಅಷ್ಟರಲ್ಲಿ ಹಳೆಯ ಜಿಮೇಲ್ ಇಲ್ಲದಿದ್ದರೆ ಬಿಲ್ಲಿಂಗ್ ನಿಂತ ಹಾಗೇ.

ಹೀಗೆ ಹೊರಗೆ ಸಿಕ್ಕಿದ್ದನ್ನೆಲ್ಲ ಮತ್ತೆ ಬಿಟ್‌ವಾರ್ಡನ್‌ಗೇ ಸೇರಿಸಿದೆ. ಪಾಸ್‌ವರ್ಡ್ ಇಲ್ಲದಿದ್ದರೂ ಹೆಸರು, ಇಮೇಲ್ ಇಟ್ಟರೆ ಸಾಕು. ಟಿಪ್ಪಣಿ ಜಾಗದಲ್ಲಿ ಒಂದು ಸಾಲು ಬರೆದೆ: ಇಮೇಲ್ ಇಲ್ಲಿ ಲಾಗಿನ್‌ಗೋ, ಒಟಿಪಿಗೋ, ಸುಮ್ನೆ ಬಿಲ್ ಬರಲಿಕ್ಕೋ. "ಬದಲಿಸಬೇಕು", "ಬದಲಾಯಿತು" ಅಂತ ಎರಡು ಫೋಲ್ಡರ್. ಯಜಮಾನರಿಗೆ ಇದು ತಕ್ಷಣ ಹಿಡಿಸಿತು. ಕೆಲಸ ಆದದ್ದನ್ನು ಅವರೇ ಈ ಫೋಲ್ಡರಿನಿಂದ ಆ ಫೋಲ್ಡರಿಗೆ ಸರಿಸುತ್ತಿದ್ದರು.

ಬದಲಿಸುವ ಕ್ರಮಕ್ಕೂ ಈ ಟಿಪ್ಪಣಿಯೇ ಆಧಾರ. ಒಟಿಪಿ ಇರುವುದು ಮೊದಲು, ಬಿಲ್ ಬರುವುದು ಕೊನೆಗೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಇದು ನಾನ್-ಕೋರ್ ತಿದ್ದುಪಡಿ. ಮುಖ್ಯ ಸಹಿದಾರರ ಇಮೇಲ್ ಬದಲಿಸಿದರೆ ಹೊಸ ವಿಳಾಸಕ್ಕೆ ಒಟಿಪಿ ಬರುತ್ತದೆ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಪ್ರೊಫೈಲ್‌ಗೆ ಮಾತ್ರ ಆತುರ ನಡೆಯುವುದಿಲ್ಲ. ಹೊಸ ಇಮೇಲನ್ನು ಮಾಲೀಕರಾಗಿ ಸೇರಿಸಿದರೂ ಪೂರ್ತಿ ಅಧಿಕಾರ ಸಿಗಲು 7 ದಿನ ಬೇಕು. ಹಳೆಯದನ್ನು ಅಷ್ಟು ದಿನ ತೆಗೆಯಬಾರದು. ಇದನ್ನು ಶುರುವಿನಲ್ಲೇ ಹಚ್ಚಿಬಿಟ್ಟರೆ ಉಳಿದ ಕೆಲಸ ಮುಗಿಯುವಷ್ಟರಲ್ಲಿ ವಾರ ಕಳೆದಿರುತ್ತದೆ.

ಹಳೆಯ ಜಿಮೇಲನ್ನು ಅಳಿಸಲಿಲ್ಲ. ತಮ್ಮನ ಒಪ್ಪಿಗೆ ಪಡೆದು ಪಾಸ್‌ವರ್ಡ್ ಬದಲಿಸಿ, ಬರುವ ಪತ್ರಗಳು ಹೊಸ ವಿಳಾಸಕ್ಕೆ ಹೋಗುವ ಹಾಗೆ ಮಾಡಿದೆವು. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, ಅದಕ್ಕೇ ಆಗಾಗ ಒಮ್ಮೆ ಲಾಗಿನ್ ಆಗಬೇಕು. ಅಲ್ಲಿಗೆ ಇನ್ನೂ ಬರುತ್ತಿರುವ ಪತ್ರ ಯಾವುದಿದೆಯೋ ಅದು ಪಟ್ಟಿಯಲ್ಲಿ ತಪ್ಪಿಹೋದ ಖಾತೆ.

ಅಂಕ ಕೊಡಿ ಅಂದರೆ ಬಿಟ್‌ವಾರ್ಡನ್‌ಗೆ ಐದಕ್ಕೆ ನಾಲ್ಕು. ಪಟ್ಟಿ ಇಡಲು ಚೆನ್ನಾಗಿದೆ, ಪಟ್ಟಿ ಹುಡುಕಿಕೊಡಲು ಅರ್ಧ ಮಾತ್ರ. ಬಿಟ್‌ವಾರ್ಡನ್ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ತೆರೆದುಕೊಡಲಾರರು, ಅದನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಿ ಅಂತ ಯಜಮಾನರಿಗೆ ಹೇಳಿದ್ದೇನೆ. ಬಿಟ್‌ವಾರ್ಡನ್ ಖಾತೆಯನ್ನೇ ಹಳೆಯ ಇಮೇಲ್‌ನಲ್ಲಿ ತೆರೆದಿದ್ದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಬದಲಿಸಿ. ಮಾಸ್ಟರ್ ಪಾಸ್‌ವರ್ಡ್ ಕೇಳುತ್ತದೆ, ಹೊಸ ಇಮೇಲ್‌ಗೆ ಕೋಡ್ ಬರುತ್ತದೆ, ಆಮೇಲೆ ಎಲ್ಲಾ ಫೋನಲ್ಲೂ ಹೊಸದಾಗಿ ಲಾಗಿನ್ ಆಗಬೇಕು.